ಸಾಲದ ಆ್ಯಪ್ ಹಿಂದೆ ಇರುವ ಕಂಪನಿ ಯಾವುದು?

ದಾವಣಗೆರೆಯ ಟೈಲರ್ ಒಬ್ಬರಿಗೆ ಹೊಸ ಹೊಲಿಗೆ ಯಂತ್ರಕ್ಕೆ 20,000 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ಆ್ಯಪ್ ಒಂದರಲ್ಲಿ ಅರ್ಜಿ ಹಾಕುತ್ತಾರೆ. 'ನಿಮ್ಮದು ರಿಜಿಸ್ಟರ್ಡ್ ಕಂಪನಿನೇನ್ರಿ?' ಎಂದು ಕೇಳಿದರೆ, ಅಶೋಕ ಲಾಂಛನವಿರುವ ಪ್ರಮಾಣಪತ್ರವೊಂದು ವಾಟ್ಸ್ಆ್ಯಪ್‌ಗೆ ಬರುತ್ತದೆ. ಪತ್ರ ಅಸಲಿಯೇ ಇರಬಹುದು. ಆದರೆ ಅದನ್ನು ಕೊಟ್ಟವರು ಯಾರು ಎಂಬುದನ್ನು ಓದಬೇಕು.

ಕಂಪನಿಗಳ ರಿಜಿಸ್ಟ್ರಾರ್ ಕೊಟ್ಟ ಪತ್ರವಾದರೆ ಅದು ಕಂಪನಿ ಹುಟ್ಟಿದೆ ಎಂದಷ್ಟೇ ಹೇಳುತ್ತದೆ. ಸಾಲ ಕೊಡುವುದನ್ನೇ ಮುಖ್ಯ ವ್ಯವಹಾರ ಮಾಡಿಕೊಂಡ ಬ್ಯಾಂಕೇತರ ಕಂಪನಿಗೆ ರಿಸರ್ವ್ ಬ್ಯಾಂಕಿನ ನೋಂದಣಿ ಪತ್ರ ಬೇರೆಯೇ ಬೇಕು. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯಲ್ಲೇ ಆ ಷರತ್ತಿದೆ. ಜನ ಹೆಚ್ಚಾಗಿ ಮೋಸಹೋಗುವುದು ಈ ಎರಡು ಪತ್ರಗಳನ್ನು ಒಂದೇ ಎಂದುಕೊಂಡಾಗ.

ಟೈಲರ್ ಮೊದಲು ಕೇಳಬೇಕಾದದ್ದು, 'ಸಾಲ ಕೊಡುತ್ತಿರುವ ಕಂಪನಿಯ ಪೂರ್ತಿ ಹೆಸರೇನು?' ಎಂದು. ಆ್ಯಪ್‌ನ ಹೆಸರು ಒಂದಿದ್ದು, ದುಡ್ಡು ಕೊಡುವ ಕಂಪನಿ ಇನ್ನೊಂದು ಇರುವುದು ಮಾಮೂಲು, ಅದೇನೂ ತಪ್ಪಲ್ಲ. ಆ ಹೆಸರು ಹೇಳಲು ತಡವರಿಸಿದರೆ ಮಾತುಕತೆ ಅಲ್ಲಿಗೇ ನಿಲ್ಲಲಿ. ಹೇಳಿದರೆ, rbi.org.in ತಾಣದಲ್ಲಿರುವ ನೋಂದಾಯಿತ ಬ್ಯಾಂಕೇತರ ಹಣಕಾಸು ಕಂಪನಿಗಳ ಪಟ್ಟಿಯಲ್ಲಿ ಅಕ್ಷರ ಅಕ್ಷರ ತಾಳೆ ನೋಡಬೇಕು. ನೋಂದಣಿ ರದ್ದಾದ ಕಂಪನಿಗಳ ಪಟ್ಟಿಯೂ ಅಲ್ಲೇ ಇದೆ, ಅದನ್ನೂ ನೋಡಿ. ಇದ್ದ ನೋಂದಣಿ ಕಳೆದುಕೊಂಡವರು ಹಳೇ ಪತ್ರವನ್ನೇ ತೋರಿಸಬಹುದು.

ಹೆಸರು ಸಿಕ್ಕಿತೆಂದು ಸಹಿ ಹಾಕಬೇಡಿ. ವಂಚಕರು ನಿಜವಾದ ಕಂಪನಿಯ ಹೆಸರನ್ನೇ ಕದ್ದು ಬಳಸುತ್ತಾರೆ. ಹಾಗಾಗಿ ಆ ಕಂಪನಿಯ ಸ್ವಂತ ವೆಬ್‌ಸೈಟಿಗೆ ನೀವೇ ಹೋಗಿ, ಅವರು ಕಳಿಸಿದ ಲಿಂಕಿನಿಂದಲ್ಲ. ತನ್ನ ಪರವಾಗಿ ಕೆಲಸ ಮಾಡುವ ಆ್ಯಪ್‌ಗಳ ಪಟ್ಟಿಯನ್ನು ಕಂಪನಿ ಅಲ್ಲಿ ಪ್ರಕಟಿಸಲೇಬೇಕು. 2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ತಾಣದಲ್ಲೂ ಸಾಲದ ಆ್ಯಪ್‌ಗಳ ಪಟ್ಟಿ ಇದೆ. ಅದು ಕಂಪನಿಗಳೇ ಕೊಟ್ಟ ಮಾಹಿತಿ, ರಿಸರ್ವ್ ಬ್ಯಾಂಕ್ ಪರೀಕ್ಷಿಸಿ ಕೊಟ್ಟ ಭರವಸೆಯಲ್ಲ. ಎರಡೂ ಕಡೆ ಆ್ಯಪ್‌ನ ಹೆಸರಿದ್ದರೆ ಮಾತ್ರ ಮುಂದುವರಿಯುವುದು ಕ್ಷೇಮ.

ಈಗ ಟೈಲರ್‌ಗೆ ಫೋನ್ ಬರುತ್ತದೆ: 'ಸಾಲ ಮಂಜೂರಾಗಿದೆ ಸಾರ್, ಫೈಲ್ ಚಾರ್ಜ್ 1,500 ರೂಪಾಯಿ ಈ ನಂಬರಿಗೆ ಹಾಕಿಬಿಡಿ.' ಹಾಕಬಾರದು. ಆ್ಯಪ್ ನಡೆಸುವವರಿಗೆ ಸಲ್ಲಬೇಕಾದ ಶುಲ್ಕವನ್ನು ಸಾಲ ಕೊಡುವ ಕಂಪನಿಯೇ ಕೊಡಬೇಕು, ಅವರು ಸಾಲಗಾರರಿಂದ ನೇರವಾಗಿ ವಸೂಲಿ ಮಾಡುವಂತಿಲ್ಲ. ಫೋನಿನಲ್ಲಿರುವ ಕಾಂಟ್ಯಾಕ್ಟ್‌ಗಳನ್ನೂ ಫೋಟೋಗಳನ್ನೂ ನೋಡಲು ಅನುಮತಿ ಕೇಳುವ ಆ್ಯಪ್ ಕೂಡ ನಿಯಮ ಮೀರಿದಂತೆಯೇ. ಮುಂದೆ ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ಮಾನ ಕಳೆಯಲು ಬಳಕೆಯಾಗುವುದು ಇವೇ.

ಊರಿನ ಖಾಸಗಿ ಲೇವಾದೇವಿಗಾರರ ವಿಚಾರ ಬೇರೆ. ಅವರಿಗೆ ಬೇಕಾದದ್ದು 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆಯಡಿಯ ಲೈಸೆನ್ಸ್; ಅದನ್ನು ಸಹಕಾರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ನೋಂದಣಿಯಿಲ್ಲದ ಕಂಪನಿಯ ಮೇಲೆ sachet.rbi.org.in ತಾಣದಲ್ಲಿ ದೂರು ಕೊಡಬಹುದು. ಹಣ ಆಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.