ಸಕ್ಕರೆ ಮೀಟರು ಸುಳ್ಳು ಹೇಳಿದರೆ ಸಾಕ್ಷಿ ಯಾರು?

ಹೂಡಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವವರ ಚೀಲದಲ್ಲಿ ಈಗ ಊಟದ ಡಬ್ಬಿ ಜೊತೆ ಗ್ಲೂಕೋಮೀಟರೂ ಇರುತ್ತೆ. ಅದು ಕೈಕೊಟ್ಟಿತು ಅನ್ನಿ. 'ನಾವು ಮಾರೋರಷ್ಟೆ ಸ್ವಾಮಿ, ಕಂಪನಿಗೆ ಬರೀರಿ' ಅಂತಾನೆ ಅಂಗಡಿಯವನು. 'ಸ್ಟ್ರಿಪ್ ನೀವೇ ಕೆಡಿಸಿದೀರಿ' ಅನ್ನುತ್ತೆ ಕಂಪನಿ. ನಡುವೆ ಸಿಕ್ಕಿಕೊಂಡವನನ್ನು ಕಾಯೋದು ತಾರೀಖು ಹಾಕಿದ ಕಾಗದ ಒಂದೇ.

ಇಲ್ಲಿನ ಕಿರಾಣಿ ಅಂಗಡಿಯವರೊಬ್ಬರನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೀಟರು 212 ತೋರಿಸಿತು. ಅದೇ ಹೊತ್ತಿನಲ್ಲಿ ಲ್ಯಾಬಿನವರು ತೆಗೆದ ರಕ್ತದಲ್ಲಿ ಬಂದದ್ದು 148. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100ಕ್ಕೆ ಮೇಲಿದ್ದರೆ ನೂರಕ್ಕೆ 15ರಷ್ಟು ಹೆಚ್ಚುಕಡಿಮೆ ಕ್ಷಮ್ಯ. ಅಂದರೆ 126ರಿಂದ 170ರ ಒಳಗೆ ಬರಬೇಕಿತ್ತು. ಆದರೂ ಒಂದೇ ಸಲದ ತಪ್ಪು ಸಾಕ್ಷಿ ಆಗೋದಿಲ್ಲ. ನೂರರಲ್ಲಿ ಐದು ಸಲ ಈ ಗೆರೆ ದಾಟಲು ಆ ಮಾನದಂಡವೇ ಬಿಡುತ್ತೆ. ಮೇಲಾಗಿ, ಬೆಲ್ಲ ತೂಗಿದ ಬೆರಳನ್ನೇ ಚುಚ್ಚಿಕೊಂಡಿದ್ದರೆ ಆ 212 ಬೆಲ್ಲದ್ದೇ ಇರಬಹುದು!

ಹಾಗಾಗಿ ಕೈಯನ್ನು ಸೋಪು ಹಾಕಿ ತೊಳೆದು, ಒರೆಸಿ, ಲ್ಯಾಬಿನಲ್ಲಿ ರಕ್ತ ಕೊಟ್ಟ ಐದು ನಿಮಿಷದೊಳಗೆ ಅಲ್ಲೇ ಮೀಟರು ನೋಡಬೇಕು. ಖಾಲಿ ಹೊಟ್ಟೆಯಲ್ಲೇ ನೋಡಬೇಕು, ಯಾಕಂದರೆ ಉಂಡ ಮೇಲೆ ಬೆರಳಿನ ರಕ್ತದಲ್ಲಿ ಸಕ್ಕರೆ ನರದ್ದಕ್ಕಿಂತ ಹೆಚ್ಚಿರುತ್ತೆ. ಏಪ್ರಿಲ್ 3ರಂದು 212ಕ್ಕೆ 148, 6ರಂದು 205ಕ್ಕೆ 143, 10ರಂದು 219ಕ್ಕೆ 151 ಬಂತು ಅಂತಿಟ್ಟುಕೊಳ್ಳಿ. ಮೂರು ದಿನವೂ ಒಂದೇ ಕಡೆಗೆ ವಾಲಿದೆ. ಇದಕ್ಕೆ ಕಂಪನಿ ಉತ್ತರ ಹೇಳಲೇಬೇಕು.

ಮೀಟರಿನದೋ ಸ್ಟ್ರಿಪ್ಪಿನದೋ ತಪ್ಪು? ಅದಕ್ಕೆ ಕಂಟ್ರೋಲ್ ದ್ರಾವಣ ಅಂತ ಒಂದು ಸೀಸೆ ಇದೆ. ಅದರ ಹನಿಗೆ ಎಷ್ಟು ಬರಬೇಕು ಅಂತ ಸ್ಟ್ರಿಪ್ ಡಬ್ಬಿ ಮೇಲೇ ಅಚ್ಚಾಗಿರುತ್ತೆ. ಹೊರಗೆ ಬಂದರೆ ಬೇರೆ ಲಾಟಿನ ಹೊಸ ಡಬ್ಬಿ ಒಡೆದು ನೋಡಿ. ಹೊಸದು ಸರಿ ಬಂದರೆ ಹಳೇ ಡಬ್ಬಿಯ ಮೇಲೆ ಅನುಮಾನ, ಬರದಿದ್ದರೆ ಮೀಟರಿನ ಮೇಲೆ. ಹಳೇ ಡಬ್ಬಿ ಎಸೆಯಬೇಡಿ, ಲಾಟ್ ನಂಬರು ಅದರಲ್ಲೇ ಇದೆ. ಒಡೆದ ದಿನವನ್ನೂ ಅದರ ಮೇಲೆ ಪೆನ್ನಿನಲ್ಲಿ ಬರೆದಿಡಿ. ಇನ್ನೊಂದು ಮಾತು, ಬ್ಯಾಟರಿ ಬದಲಿಸಿದಾಗ ಮೀಟರಿನ ಗಡಿಯಾರ ಎಷ್ಟೋ ಸಲ ಹಳೇ ತಾರೀಖಿಗೆ ಹಾರುತ್ತೆ. ಅದನ್ನು ಸರಿ ಮಾಡದಿದ್ದರೆ ಅದರ ನೆನಪಿನಲ್ಲಿರುವ ಲೆಕ್ಕವೆಲ್ಲ ನಿಮ್ಮ ವಿರುದ್ಧವೇ ಸಾಕ್ಷಿ.

ಬಿಲ್ಲು, ಸೀರಿಯಲ್ ನಂಬರು, ಲ್ಯಾಬ್ ಚೀಟಿ ಸೇರಿಸಿ ಅಂಗಡಿಗೂ ಕಂಪನಿಗೂ ಒಂದೇ ಪತ್ರ ಹಾಕಿ. ಬದಲಿ ಕೊಡಿ ಅಥವಾ ಹಣ ವಾಪಸು ಮಾಡಿ ಅಂತ 15 ದಿನ ಗಡುವು ಕೊಡಿ. 'ಮೀಟರು ಕಳಿಸಿ, ನೋಡ್ತೀವಿ' ಅಂದರೆ ಫೋಟೋ ತೆಗೆದು ರಸೀತಿ ಪಡೆಯದೆ ಕೊಡಬೇಡಿ. ಗ್ರಾಹಕ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಆಗ ನಿಮ್ಮ ಕೈಯಲ್ಲಿ ವಸ್ತುವೇ ಇರೋದಿಲ್ಲ.

ಮಣಿಯದಿದ್ದರೆ 1915ಕ್ಕೆ ಫೋನು ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ನೀವಿರುವ ಊರಿನಲ್ಲೇ ದೂರು ಕೊಡಬಹುದು, ಕಂಪನಿ ದಿಲ್ಲಿಯಲ್ಲಿದ್ದರೂ ಸರಿ. ಎರಡು ವರ್ಷದೊಳಗೆ ಕೊಡಬೇಕು. ಇಷ್ಟು ಸಣ್ಣ ಬೆಲೆಯ ವಸ್ತುವಿಗೆ ಶುಲ್ಕವಿಲ್ಲ. ತಪ್ಪು ಲೆಕ್ಕ ನಂಬಿ ಇನ್ಸುಲಿನ್ ಹೆಚ್ಚು ಹಾಕಿಕೊಂಡು ತಲೆಸುತ್ತಿ ಬಿದ್ದಿದ್ದರೆ ಆ ದಿನದ ವೈದ್ಯರ ಚೀಟಿಯನ್ನೂ ಲಗತ್ತಿಸಿ.