ಫೋಟೊ ರೆಡಿ ಇತ್ತು, ಕ್ಯಾಪ್ಷನ್ ಮಾತ್ರ ಮೂರು ತಿಂಗಳು ತಗೊಂಡಿತು

2024ರ ಸೆಪ್ಟೆಂಬರ್ 17, ಮಂಗಳವಾರ. ಮೆಲ್ಬರ್ನ್‌ನ ಪಶ್ಚಿಮದ ಒಂದು ಬಡಾವಣೆಯ ಕೌನ್ಸಿಲ್ ಹಾಲ್‌ನಲ್ಲಿ ನಾನು ರೇಷ್ಮೆ ಸೀರೆ ಉಟ್ಟು, ಒಂದು ಕೈಯಲ್ಲಿ ಪೌರತ್ವದ ಸರ್ಟಿಫಿಕೇಟ್, ಇನ್ನೊಂದು ಕೈಯಲ್ಲಿ ಕೌನ್ಸಿಲ್‌ನವರು ಕೊಟ್ಟ ಪುಟ್ಟ ಗಿಡದ ಕುಂಡ ಹಿಡಿದು ನಿಂತಿದ್ದೆ. ಗೆಳತಿ ಫೋಟೊ ತೆಗೆದಳು. ಚೆನ್ನಾಗೇ ಬಂದಿತ್ತು. ಮನೆಗೆ ಬಂದು ಇನ್‌ಸ್ಟಾಗ್ರಾಮ್ ತೆರೆದೆ, ಫೋಟೊ ಹಾಕಿದೆ, ಕ್ಯಾಪ್ಷನ್ ಜಾಗದಲ್ಲಿ ಬೆರಳು ನಿಂತುಬಿಟ್ಟಿತು.

ಮೊದಲು ಬರೆದದ್ದು: ‘ಇವತ್ತಿನಿಂದ ನಾನು ಎರಡು ದೇಶಗಳ ಪ್ರಜೆ.’ ಓದೋಕೆ ಹಿತವಾಗಿದೆ, ಲೈಕೂ ಬರುತ್ತೆ. ಆದರೆ ಅದು ಸುಳ್ಳು. ಭಾರತ ದ್ವಿಪೌರತ್ವ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಯಾರೂ ಬಂದು ಕಿತ್ತುಕೊಳ್ಳುವುದಿಲ್ಲ, ನೋಟಿಸ್ ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಪ್ರಮಾಣವಚನ ಹೇಳಿ ಮುಗಿಸಿದಾಗ ನೀವು ಆ ದೇಶದವರಾಗುತ್ತೀರಿ. ಅದೇ ಉಸಿರಿನಲ್ಲಿ ಇನ್ನೊಂದು ದೇಶದವರಾಗಿ ಉಳಿಯುವುದಿಲ್ಲ. ಆ ಪ್ರಮಾಣವಚನಕ್ಕೆ ಎರಡು ರೂಪ ಇವೆ, ಒಂದರಲ್ಲಿ ದೇವರ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ನಾನು ದೇವರ ಹೆಸರಿರುವುದನ್ನೇ ಹೇಳಿದೆ, ಮನಸ್ಸಿನಲ್ಲಿ ಹಿಮವದ್ ಗೋಪಾಲಸ್ವಾಮಿಯನ್ನು ನೆನೆದು. ಹೇಳುವಾಗ ಏನೂ ಅನಿಸಲಿಲ್ಲ. ಹೇಳಿ ಕೂತ ಮೇಲೆ ಕಾಲು ಸ್ವಲ್ಪ ನಡುಗಿತು.

ಹಾಗಾದರೆ ಎಲ್ಲರೂ ಹೇಳುವ ಓಸಿಐ ಏನು? ಹೆಸರೇ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ ಅಲ್ಲವಾ? ಈ ಹೆಸರು ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ! ಅದು ಪೌರತ್ವ ಅಲ್ಲ. ಜೀವನಪೂರ್ತಿ ಎಷ್ಟು ಸಲ ಬೇಕಾದರೂ ಬಂದುಹೋಗಲು, ಇಲ್ಲಿ ಉಳಿಯಲು ಬಿಡುವ ಅನುಮತಿ. ಓಟಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ನಮ್ಮಂಥ ಊರಿನವರಿಗೆ ಈ ಕೊನೆಯ ಮಾತೇ ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಪ್ರಯತ್ನ: ‘ಹೆತ್ತ ತಾಯಿ ಒಬ್ಬಳು, ಸಾಕಿದ ತಾಯಿ ಇನ್ನೊಬ್ಬಳು.’ ದೇವಕಿ-ಯಶೋದೆ ಲೈನ್. ಹತ್ತು ಕನ್ನಡಿಗರ ಪೌರತ್ವದ ಪೋಸ್ಟ್ ನೋಡಿದರೆ ಆರರಲ್ಲಿ ಇದೇ ಇರುತ್ತೆ. ಆದರೆ ನನ್ನ ವಿಷಯದಲ್ಲಿ ಇದೂ ಸರಿಯಿಲ್ಲ. ನನ್ನನ್ನು ಹೆತ್ತದ್ದೂ ಸಾಕಿದ್ದೂ ತೆರಕಣಾಂಬಿಯೇ. ಸರ್ಕಾರಿ ಶಾಲೆ, ಆಮೇಲೆ ಗುಂಡ್ಲುಪೇಟೆಗೆ ಬಸ್ಸು, ಸಿಇಟಿಯಲ್ಲಿ ಸಿಕ್ಕ ಸೀಟು, ಮೈಸೂರಿನಲ್ಲಿ ಎಂಜಿನಿಯರಿಂಗ್. ಅಪ್ಪನ ಅರಿಶಿನಕ್ಕೆ ರೇಟು ಬಿದ್ದ ವರ್ಷ ಹಾಸ್ಟೆಲ್ ಫೀಸು ಕಟ್ಟಿದ್ದು ಚೆಂಡು ಹೂವಿನ ದುಡ್ಡು. ಇಪ್ಪತ್ತನಾಲ್ಕು ವರ್ಷ ಸಾಕಿಸಿಕೊಂಡು, ಸಂಬಳ ಬರುವ ಹೊತ್ತಿಗೆ ವಿಮಾನ ಹತ್ತಿದವಳು ನಾನು. ಆಸ್ಟ್ರೇಲಿಯಾಗೆ ಕೃತಜ್ಞತೆ ಇದೆ, ಆದರೆ ಅದು ಬೇರೆ ಥರದ್ದು.

ಯಾವ ಥರದ್ದು ಅನ್ನೋದು ಗೊತ್ತಾಗಬೇಕಾದರೆ 2021ಕ್ಕೆ ಹೋಗಬೇಕು. 2020ರ ಮಾರ್ಚ್ 20ರಿಂದ ಆಸ್ಟ್ರೇಲಿಯಾ ಗಡಿ ಮುಚ್ಚಿತ್ತು. ನಾನು ತಾತ್ಕಾಲಿಕ ವೀಸಾದಲ್ಲಿದ್ದೆ. ಆಚೆ ಹೋದರೆ ವಾಪಸ್ ಬರುವ ದಾರಿ ಇರಲಿಲ್ಲ, ಕೆಲಸ ಮನೆ ಎರಡೂ ಹೋಗುತ್ತಿತ್ತು. ಆ ವರ್ಷ ಅಜ್ಜಿ ತೀರಿಕೊಂಡರು. ಮಣ್ಣಾದದ್ದನ್ನು ನಾನು ವಿಡಿಯೊ ಕಾಲ್‌ನಲ್ಲಿ ನೋಡಿದೆ, ನೆಟ್‌ವರ್ಕ್ ಸರಿಯಿಲ್ಲದೆ ಅರ್ಧಕ್ಕೇ ನಿಂತುಹೋಯಿತು. ಹೋಗಿ ಬರುವ ಹಕ್ಕು ಬೇಕು ಎಂದು ನಾನು ಗಟ್ಟಿಯಾಗಿ ನಿರ್ಧರಿಸಿದ್ದು ಅವತ್ತೇ. (ನಿಜ ಹೇಳಬೇಕೆಂದರೆ, ಅದೇ ಮೇ ತಿಂಗಳ ಮೊದಲೆರಡು ವಾರ ಭಾರತದಲ್ಲಿದ್ದ ಸ್ವಂತ ಪ್ರಜೆಗಳನ್ನೂ ಆಸ್ಟ್ರೇಲಿಯಾ ಒಳಗೆ ಬಿಡಲಿಲ್ಲ. ಪಾಸ್‌ಪೋರ್ಟ್ ಸರ್ವರೋಗಕ್ಕೂ ಮದ್ದಲ್ಲ.) ಹಾಗೆಯೇ ಆ ಲಾಕ್‌ಡೌನ್‌ನಲ್ಲಿ ಪಕ್ಕದ ಮನೆಯ ಪಂಜಾಬಿ ಆಂಟಿ ದಿನಾ ಬಾಗಿಲ ಮುಂದೆ ಬಿಸಿ ರೊಟ್ಟಿ ಇಟ್ಟು ಹೋಗುತ್ತಿದ್ದರು. ಅಜ್ಜಿ ಹೋದ ವಾರ ನನ್ನ ಟೀಮ್ ಲೀಡ್ ಒಂದು ಪ್ರಶ್ನೆ ಕೇಳದೆ ರಜೆ ಕೊಟ್ಟರು. ನನ್ನ ಕೃತಜ್ಞತೆ ಅಂಥವರಿಗೆ.

ಮುಂದಿನದು ಕಾಗದದ ಕೆಲಸ. ನಾಲ್ಕು ವರ್ಷ ಕಾನೂನುಬದ್ಧ ವಾಸ, ಅದರಲ್ಲಿ ಕೊನೆಯ ಒಂದು ವರ್ಷ ಕಾಯಂ ನಿವಾಸಿಯಾಗಿ. ಆ ನಾಲ್ಕು ವರ್ಷದಲ್ಲಿ ಒಟ್ಟು 12 ತಿಂಗಳಿಗಿಂತ, ಕೊನೆಯ ವರ್ಷದಲ್ಲಿ 90 ದಿನಕ್ಕಿಂತ ಹೆಚ್ಚು ಹೊರಗೆ ಇರುವಂತಿಲ್ಲ. ಆಮೇಲೆ ಪರೀಕ್ಷೆ, 20 ಪ್ರಶ್ನೆ. ಶೇಕಡ 75 ಬಂದರೆ ಪಾಸು, ಆದರೆ ಆ ದೇಶದ ಮೌಲ್ಯಗಳ ಬಗ್ಗೆ ಕೇಳುವ ಐದು ಪ್ರಶ್ನೆಗಳಲ್ಲಿ ಒಂದೂ ತಪ್ಪಬಾರದು. ಸಿಇಟಿ ಬರೆದವರಿಗೆ ಇದು ಕಷ್ಟವೇನಲ್ಲ.

ನಾನು ಎಡವಿದ್ದು ಇದರಲ್ಲೆಲ್ಲ ಅಲ್ಲ, ಸಮಾರಂಭ ಮುಗಿದ ಮೇಲೆ. ತಮ್ಮನ ಮದುವೆ ನವೆಂಬರ್ ಕೊನೆಯಲ್ಲಿತ್ತು. ನನ್ನ ಭಾರತದ ಪಾಸ್‌ಪೋರ್ಟ್‌ಗೆ ಇನ್ನೂ ಮೂರು ವರ್ಷ ಅವಧಿ ಇದೆ, ಅದರಲ್ಲೇ ಹೋಗಿಬಂದು ಆಮೇಲೆ ಉಳಿದದ್ದು ನೋಡಿಕೊಂಡರಾಯಿತು ಅಂದುಕೊಂಡು ಟಿಕೆಟ್ ಬುಕ್ ಮಾಡಿದ್ದೆ. ಇದು ತಪ್ಪು, ತುಂಬಾ ಜನ ಮಾಡುವ ತಪ್ಪು. ಪುಸ್ತಕದ ಮೇಲೆ 2027 ಅಂತ ಮುದ್ರಿಸಿದ್ದರೂ, ಪೌರತ್ವ ಹೋದ ದಿನದಿಂದ ಆ ಪಾಸ್‌ಪೋರ್ಟ್ ಬಳಸುವುದು ಅಪರಾಧ. ಅದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು. ಅದು ಕೈಗೆ ಬಂದರಷ್ಟೇ ಓಸಿಐ ಅರ್ಜಿ. ಅಂದರೆ ಸಾಲು ಹೀಗೆ: ಮೊದಲು ಹೊಸ ದೇಶದ ಪಾಸ್‌ಪೋರ್ಟ್, ಆಮೇಲೆ ಹಳೆಯದರ ಸರೆಂಡರ್, ಆಮೇಲೆ ಓಸಿಐ. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದೆ, ಜೊತೆಯಲ್ಲಿ ಓಡಿಸೋಕೆ ಆಗಲ್ಲ. ನನಗೆ ಮೊದಲೆರಡು ಮುಗಿಯುವಷ್ಟರಲ್ಲಿ ನವೆಂಬರ್ ಬಂತು. ಓಸಿಐಗೆ ಸಮಯ ಇರಲಿಲ್ಲ. ಇ-ವೀಸಾ ಮಾಡಿಸಿಕೊಂಡು, ತಮ್ಮನ ಮದುವೆಗೆ ಟೂರಿಸ್ಟ್ ಆಗಿ ಹೋದೆ. ಮುಂದೆ ಈ ದಾರಿಯಲ್ಲಿ ಇರುವವರು ಸಮಾರಂಭದ ದಿನಾಂಕ ಬಂದ ಕೂಡಲೇ ಈ ಲೆಕ್ಕ ಹಾಕಿಕೊಳ್ಳಿ.

ಬೆಂಗಳೂರು ಏರ್‌ಪೋರ್ಟ್‌ನಲ್ಲಿ ವಿದೇಶಿಯರ ಸಾಲಿನಲ್ಲಿ ನಿಂತೆ. ಕೌಂಟರಿನವರು ಹುಟ್ಟಿದ ಊರು ನೋಡಿ ಕನ್ನಡದಲ್ಲೇ ‘ಏನ್ ಮೇಡಂ, ಊರಿಗಾ?’ ಅಂದರು. ‘ಹೌದು ಸಾರ್, ತಮ್ಮನ ಮದುವೆ’ ಅಂದೆ. ಸೀಲು ಬಿತ್ತು.

ಮದುವೆಯ ಗಲಾಟೆ ಎಲ್ಲ ಮುಗಿದ ಮೇಲೆ ಒಂದು ಸಂಜೆ ಅಪ್ಪ ಹೊಲದ ಹತ್ತಿರ ಕರೆದುಕೊಂಡು ಹೋದರು. ಅವರೇ ದುಡಿದು ಕೊಂಡ ಎರಡು ಎಕರೆ. ಅರಿಶಿನ ಕೀಳಲು ಇನ್ನೂ ಸಮಯವಿತ್ತು.

‘ಒಂದೆಕರ ನಿನ್ ಹೆಸ್ರಿಗೆ ದಾನಪತ್ರ ಬರ್ದುಡ್ತೀನಿ ಕೂಸೇ. ನಾ ಇರುವಾಗ್ಲೇ ಆಗೋಗ್ಲಿ’ ಅಂದರು.

‘ಆಗಲ್ಲ ಅಪ್ಪಾ.’

‘ಯಾಕ? ಈಗ ಯಾರ್ ಬೇಕಾದ್ರೂ ಜಮೀನ್ ತಕಬೌದಂತಲ್ಲ?’

ಅಪ್ಪ ಹೇಳಿದ್ದು 2020ರ ಭೂಸುಧಾರಣೆ ತಿದ್ದುಪಡಿಯ ಬಗ್ಗೆ. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದು ಆದದ್ದು ಆಗಲೇ. ಆದರೆ ನನ್ನನ್ನು ತಡೆಯುವುದು ರಾಜ್ಯದ ಕಾನೂನಲ್ಲ, ವಿದೇಶಿ ವಿನಿಮಯದ ಕೇಂದ್ರ ನಿಯಮ. ಅದರ ಪ್ರಕಾರ ಹೊರದೇಶದಲ್ಲಿ ನೆಲೆಸಿದವರು, ಓಸಿಐ ಇದ್ದರೂ, ಕೃಷಿ ಜಮೀನನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಅದೇ ಅಪ್ಪ ಊರೊಳಗಿನ ಮನೆಯನ್ನು ದಾನ ಕೊಡಬಹುದು. ಹೊಲ ಆಗದು. ಹೊಲ ಬರಲು ಇರುವುದು ಒಂದೇ ದಾರಿ, ವಾರಸುದಾರಿಕೆ. ಅಂದರೆ ಅಪ್ಪನ ನಂತರ. ಹಾಗೆ ಬಂದದ್ದನ್ನು ಮಾರುವುದಾದರೂ ಭಾರತದಲ್ಲಿ ಇರುವವರಿಗೇ ಮಾರಬೇಕು.

ಇದನ್ನು ಅಪ್ಪನ ಎದುರು ಹೇಗೆ ಹೇಳುವುದು? ‘ನೀವು ಹೋದ ಮೇಲೆ ಬರಬಹುದು’ ಅಂತಲಾ? ತಡವರಿಸಿಕೊಂಡು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ದೇಸದ್ ಕಾಗ್ದ ತಕಂಡಿದ್ಕ ಇಂಗಾಯ್ತಾ?’ ಅಂದರು.

ಅಲ್ಲ. ಇದು ನನಗೂ ಆಮೇಲೆ ಓದಿದಾಗ ಗೊತ್ತಾದದ್ದು. ಆ ನಿಯಮ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೊರಗೆ ನೆಲೆಸಿದ ಎನ್‌ಆರ್‌ಐಗಳಿಗೂ ಹಾಗೇ ಇದೆ. ಅಂದರೆ ಆ ಬಾಗಿಲು ಮುಚ್ಚಿದ್ದು 2024ರ ಸೆಪ್ಟೆಂಬರ್‌ನಲ್ಲಿ ಅಲ್ಲ. 2019ರಲ್ಲಿ ಸೂಟ್‌ಕೇಸ್ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗಲೇ, ಎಲ್ಲರೂ ನಗುತ್ತಾ ಕಳಿಸಿಕೊಟ್ಟಾಗಲೇ. ಪೌರತ್ವದ ದಿನ ನಿಜಕ್ಕೂ ಕಳೆದುಕೊಂಡದ್ದು ಅಂದರೆ ಓಟು. ಅಲ್ಲಿಯವರೆಗೆ ನಾನು ಅನಿವಾಸಿ ಮತದಾರಳಾಗಿ ಊರಿಗೆ ಬಂದು ಓಟು ಹಾಕಬಹುದಿತ್ತು. 2018ರಲ್ಲಿ ಹಾಕಿದ್ದೇ ಕೊನೆ. ಈ ಸಲ ತಮ್ಮನನ್ನು ಕೂರಿಸಿಕೊಂಡು, ಪಟ್ಟಿಯಿಂದ ಹೆಸರು ತೆಗೆಸುವ ಫಾರಂ 7 ತುಂಬಿದೆ. ನನ್ನ ಹೆಸರಿಗೆ ನಾನೇ ಆಕ್ಷೇಪಣೆ ಹಾಕಿದ ಹಾಗೆ.

ವಾಪಸ್ ಬಂದು ಡಿಸೆಂಬರ್‌ನಲ್ಲಿ ಮತ್ತೆ ಅದೇ ಫೋಟೊ ತೆರೆದೆ. ಮೊದಲು ಸರ್ಟಿಫಿಕೇಟ್ ಮೇಲಿನ ಹುಟ್ಟಿದ ದಿನಾಂಕ, ದಾಖಲೆ ಸಂಖ್ಯೆ ಮಸುಕು ಮಾಡಿದೆ. ಸಂಭ್ರಮದಲ್ಲಿ ಜನ ಇದನ್ನು ಮರೆತು ಇಡೀ ಗುರುತಿನ ದಾಖಲೆಯನ್ನೇ ಊರಿಗೆಲ್ಲ ಹಂಚುತ್ತಾರೆ. ಆಮೇಲೆ ಉದ್ದ ನೋಡಿದೆ. ಮೊದಲ ಒಂದೆರಡು ಸಾಲು ಬಿಟ್ಟು ಉಳಿದದ್ದನ್ನು ಆ್ಯಪ್ ಮಡಚಿಡುತ್ತದೆ. ಕನ್ನಡದಲ್ಲಿ ಕಣ್ಣಿಗೆ ಕಾಣುವ ಅಕ್ಷರಕ್ಕೂ ಕಂಪ್ಯೂಟರ್ ಎಣಿಸುವುದಕ್ಕೂ ತಾಳೆಯಾಗಲ್ಲ, ‘ಪೌರತ್ವ’ ನಮಗೆ ಮೂರು ಅಕ್ಷರ, ಅದಕ್ಕೆ ಆರು. ಹಾಗಾಗಿ ಹೇಳಬೇಕಾದ್ದು ಮೊದಲೇ ಬರಬೇಕು. ‘ಪ್ರಜೆ’ ಪದ ಒಂದು ದೇಶಕ್ಕೆ, ‘ಮನೆ’ ಪದ ಎರಡಕ್ಕೂ. ‘ಕನಸು ನನಸಾಯಿತು’ ಬೇಡ. ಯಾರಿಗೆ ಥ್ಯಾಂಕ್ಸೋ ಅವರು ಓದಿದರೆ ತಮಗೇ ಅಂತ ಗೊತ್ತಾಗಬೇಕು. ಕೊನೆಗೆ ಹಾಕಿದ್ದು ಇದು:

‘ಕಾಗದದಲ್ಲಿ ಈಗ ನಾನು ಆಸ್ಟ್ರೇಲಿಯಾದ ಪ್ರಜೆ. ಮನೆ ಅಂದರೆ ಇನ್ನೂ ಎರಡು ವಿಳಾಸ. ಲಾಕ್‌ಡೌನ್‌ನಲ್ಲಿ ಬಾಗಿಲಿಗೆ ರೊಟ್ಟಿ ಇಟ್ಟವರಿಗೆ, ಚೆಂಡು ಹೂವು ಮಾರಿ ಫೀಸು ಕಟ್ಟಿದವರಿಗೆ, ಇಬ್ಬರಿಗೂ ಋಣಿ. ತೆರಕಣಾಂಬಿಯ ಓಟರ್ ಲಿಸ್ಟಿನಿಂದ ಹೆಸರು ತೆಗೆಸಿ ಬಂದಿದ್ದೇನೆ, ಅದು ಸುಲಭವಾಗಿರಲಿಲ್ಲ.’

ಪಂಜಾಬಿ ಆಂಟಿ ಟ್ರಾನ್ಸ್‌ಲೇಟ್ ಒತ್ತಿ ಓದಿ, ರಾತ್ರಿ ರೊಟ್ಟಿ ತಗೊಂಡೇ ಬಂದರು. 2025ರ ಮೇ 3ರಂದು ಇಲ್ಲಿ ಮೊದಲ ಓಟು ಹಾಕಿದೆ. ಹಾಕದಿದ್ದರೆ ದಂಡ, ಆದರೂ ದಂಡಕ್ಕೆ ಹೆದರಿ ಹೋದದ್ದಲ್ಲ.

ಅಪ್ಪ ಫೋಟೊ ನೋಡಿದ್ದು ತಮ್ಮನ ಮೊಬೈಲಿನಲ್ಲಿ. ಕ್ಯಾಪ್ಷನ್ ಬಗ್ಗೆ ಏನೂ ಅನ್ನಲಿಲ್ಲ. ಫೋನ್ ಮಾಡಿ, ‘ಕೈಲಿ ಹಿಡ್ಕಂಡಿದ್ದಯಲ್ಲ, ಅದ್ಯಾವ್ ಗಿಡ ಕೂಸೇ? ಹೂ ಬುಟ್ಟದಾ?’ ಅಂದರು. ಇನ್ನೂ ಬಿಟ್ಟಿಲ್ಲ ಅಪ್ಪಾ, ನೆಲಕ್ಕೆ ಹಾಕಿದೀನಿ ಅಂದೆ.