ಹಾಡಿನಲ್ಲಿ ಬರುವ ಉತ್ತರ ಮಾತಿನಲ್ಲಿ ಯಾಕೆ ಬರಲ್ಲ?

ಪ್ರಶ್ನೆ: ಒಂದನೇ ತರಗತಿಯ ನನ್ನ ಮಗಳು ಶಾಲೆಯ ಹಾಡಿನಲ್ಲಿ ‘ಹೌ ಆರ್ ಯು? ಐ ಆ್ಯಮ್ ಫೈನ್’ ಎಂದು ಸಲೀಸಾಗಿ ಹೇಳುತ್ತಾಳೆ. ನಾನು ‘ಹೌ ಆರ್ ಯು?’ ಎಂದರೆ ಮಾತ್ರ ನನಗೇ ‘ಹೌ ಆರ್ ಯು?’ ಎನ್ನುತ್ತಾಳೆ. ಯಾಕೆ?

ಏಳಾರ್ಲಿ ಎಷ್ಟು ಎಂದು ಕೇಳಿದರೆ ಮಕ್ಕಳು ಏಳೊಂದ್ಲಿಯಿಂದ ಶುರು ಮಾಡುತ್ತಾರಲ್ಲ, ಇದೂ ಹಾಗೆಯೇ. ರಾಗವಿದ್ದರೆ ಒಂದು ಸಾಲು ಮುಂದಿನದನ್ನು ತಾನೇ ಎಳೆದು ತರುತ್ತದೆ, ಹಾಗಾಗಿ ಬೇಗ ಬಾಯಿಗೆ ಬರುತ್ತದೆ. ಆದರೆ ಪ್ರಶ್ನೆ, ಉತ್ತರ ಎರಡೂ ಒಂದೇ ಉಸಿರಿನ ಸದ್ದಾಗಿ ಕೂತಿರುತ್ತವೆ. ಯಾವುದು ಯಾರ ಮಾತು ಎಂಬುದು ಮಗುವಿಗೆ ಗೊತ್ತಿರುವುದಿಲ್ಲ. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಕೂಗುವಾಗ ಇದು ಟೀಚರಿಗೂ ಗೊತ್ತಾಗದು. ಒಬ್ಬೊಬ್ಬರನ್ನೇ ಕೇಳಿದಾಗ ಬಯಲಾಗುತ್ತದೆ.

ಬಿಡಿಸುವ ದಾರಿ ಸರಳ. ಎರಡೂ ಕೈಯಲ್ಲಿ ಒಂದೊಂದು ಗೊಂಬೆ ಹಿಡಿಯಿರಿ. ಬಲಗೈ ಗೊಂಬೆ ಮುಂದೆ ಬಾಗಿ ಕೇಳಲಿ, ಎಡಗೈಯದು ಎದೆ ಮುಟ್ಟಿಕೊಂಡು ಉತ್ತರಿಸಲಿ. ನಾಲ್ಕೈದು ಸಲ ಮಗು ಸುಮ್ಮನೆ ನೋಡಲಿ, ಹೇಳಿಸುವ ಅವಸರ ಬೇಡ. ಆಮೇಲೆ ಉತ್ತರದ ಗೊಂಬೆಯನ್ನಷ್ಟೇ ಅವಳ ಕೈಗೆ ಕೊಡಿ. ಎದೆ ಮುಟ್ಟುವ ಸನ್ನೆಯೇ ‘ಈಗ ನನ್ನ ಸರದಿ’ ಎಂದು ನೆನಪಿಸುತ್ತದೆ. ಅದು ಪಳಗಿದ ಮೇಲೆ ಗೊಂಬೆ ಅದಲುಬದಲು.

ಕೊನೆಗೆ ರಾಗ ಬಿಟ್ಟು, ಊಟದ ನಡುವೆ ಒಮ್ಮೆ ಕೇಳಿ ನೋಡಿ. ಆಗಲೂ ನಿಮ್ಮ ಪ್ರಶ್ನೆಯನ್ನೇ ಮರಳಿಸಿದರೆ ತಿದ್ದಬೇಡಿ, ಎದೆ ಮುಟ್ಟಿ ತೋರಿಸಿ. ಅಂದಹಾಗೆ, ‘ಗುಡ್ ಮಾರ್ನಿಂಗ್’ ಅನ್ನು ಬೆಳಿಗ್ಗೆಯೇ ಹೇಳಿಸಿ. ಮಧ್ಯಾಹ್ನದ ತರಗತಿಯಲ್ಲಿ ಕಲಿತ ಎಷ್ಟೋ ಮಕ್ಕಳು ಮೂರು ಗಂಟೆಗೂ ಅದನ್ನೇ ಹೇಳುತ್ತಿರುತ್ತಾರೆ.